ನನ್ನನ್ನು ಯಾರೂ ದೂಡಿಲ್ಲ

ಕಂಡಕ್ಟರಣ್ಣ ಬಸ್ಸು ಬಿಟ್ಟಾಗಿನಿಂದ ಒದರುತ್ತಲೇ ಇದ್ದ. “ಮುಂದ ಸರೀರಿ, ಮುಂದ ಸರೀರಿ, ನಡುವ ರಗಡ ಜಾಗಾ ಐತಿ.” ಯಾರೂ ಸರಿಯಲಿಲ್ಲ. ಅವಳಿನಗರದ ಪ್ರಯಾಣಿಕ ಒಮ್ಮೆ ಒಂದು ರಾಡು ಹಿಡಿದನೆಂದರೆ ಅದು ಅವನ ಪಿತ್ರಾರ್ಜಿತ ಆಸ್ತಿ. ಆಮೇಲೆ ಡ್ರೈವರ್ ಸಾಹೇಬರು ಗಕ್ಕನೆ ಬ್ರೇಕ್ ಒತ್ತಿದರು. ಕಂಡಕ್ಟರಣ್ಣನ ಅರ್ಧ ತಾಸಿನ ಪ್ರಾರ್ಥನೆ ಎರಡೇ ಸೆಕೆಂಡಿನಲ್ಲಿ ಈಡೇರಿತು. ಎಲ್ಲರೂ ಮುಂದೆ ಸರಿದೆವು.

ಯಾವ ಹಂಪಿನ ಮುಂದೆ ಎಂದು ಹೇಳುವ ಅಗತ್ಯವಿಲ್ಲ. ನಿಮಗೆ ಗೊತ್ತು. ಸೋಮವಾರ ಇರಲಿಲ್ಲ, ಮಂಗಳವಾರ ಬೆಳಿಗ್ಗೆ ಇತ್ತು. ಬಣ್ಣವಿಲ್ಲ, ಬೋರ್ಡಿಲ್ಲ, ಡಾಂಬರಿನ ಮೇಲೆ ಡಾಂಬರಿನದೇ ಒಂದು ಗುಡ್ಡೆ.

ನಾನು ಹೋಗಿ ಬಿದ್ದದ್ದು ಒಬ್ಬ ಕಾಕಾನ ಬೆನ್ನಿನ ಮೇಲೆ. ನನ್ನ ಬೆನ್ನಿಗೆ ಕಾಲೇಜು ಹುಡುಗನೊಬ್ಬ ಬಂದು ಬಿದ್ದ.

“ಯಾಕ್ರೀ ದೂಡ್ತೀರಿ?” ಎಂದ ಕಾಕಾ.

“ನಾ ಎಲ್ಲಿ ದೂಡೀನ್ರಿ, ಹಿಂದಿನಾಂವ ದೂಡಿದ” ಎಂದೆ.

“ನಾ ಅಲ್ರಿ ಅಂಕಲ್, ನನ್ನ ಹಿಂದಿನಾವ್ರು” ಎಂದ ಹುಡುಗ.

ಹೀಗೆ ಆರೋಪ ಒಬ್ಬರಿಂದ ಒಬ್ಬರಿಗೆ ದಾಟುತ್ತ ಬಸ್ಸಿನ ಕೊನೆಯ ಸೀಟಿನವರೆಗೆ ಹೋಯಿತು. ಅಲ್ಲಿ ಹಿಂದೆ ಯಾರೂ ಇರಲಿಲ್ಲ, ಗಾಜು ಮಾತ್ರ. ಪ್ರಕರಣ ಅಲ್ಲಿಗೆ ಬಿದ್ದುಹೋಯಿತು. ನಮ್ಮ ಕಚೇರಿಗಳಲ್ಲಿ ಕಡತಗಳು ಓಡಾಡುವುದೂ ಇದೇ ದಾರಿಯಲ್ಲಿ.

ಆದರೆ ವಿಚಾರ ಮಾಡಿದರೆ ನಾವು ಮೂವರೂ ಖರೇನೇ ಹೇಳಿದ್ದೆವು. ಯಾರೂ ಯಾರನ್ನೂ ದೂಡಿರಲಿಲ್ಲ. ಬಸ್ಸು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿತ್ತು, ಅಂದರೆ ಸೆಕೆಂಡಿಗೆ 10 ಮೀಟರ್. ರಾಡು ಹಿಡಿದು ನಿಂತಿದ್ದೇನೆ ಎಂದುಕೊಂಡಿದ್ದ ನಾನೂ ಸೆಕೆಂಡಿಗೆ 10 ಮೀಟರ್ ಓಡುತ್ತಲೇ ಇದ್ದೆ, ಗೊತ್ತಾಗಿರಲಿಲ್ಲ ಅಷ್ಟೇ. ಬ್ರೇಕು ಹಿಡಿದದ್ದು ಬಸ್ಸಿನ ಗಾಲಿಗಳನ್ನು. ನನ್ನನ್ನು ಯಾರು ಹಿಡಿಯಬೇಕು? ಬಸ್ಸು ಸ್ಥಾವರವಾಯಿತು, ನಾನು ಜಂಗಮನಾಗಿಯೇ ಉಳಿದೆ. ಇದನ್ನು ನ್ಯೂಟನ್ 1687ರಲ್ಲೇ ಬರೆದಿಟ್ಟಿದ್ದಾನೆ. ಹೊರಗಿನಿಂದ ಬಲ ಬೀಳದ ಹೊರತು ನಿಂತದ್ದು ನಿಂತೇ ಇರುತ್ತದೆ, ಹೊರಟದ್ದು ಅದೇ ವೇಗದಲ್ಲಿ ನೆಟ್ಟಗೆ ಹೋಗುತ್ತಲೇ ಇರುತ್ತದೆ. ಎಂಟನೆಯ ಇಯತ್ತೆಯಲ್ಲಿ ಇದನ್ನೇ ನಾನು ಮೂರು ಅಂಕಕ್ಕೆ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಕಾಕಾನ ಬೆನ್ನಿನ ಮೇಲೆ.

ಪುಸ್ತಕದಲ್ಲಿ ಇದರ ಹೆಸರು ಜಡತ್ವ. ಆ ಶಬ್ದ ಕೇಳಿದಾಗೆಲ್ಲ ಮಾಸ್ತರರು ನನ್ನನ್ನೇ ಬೈಯುತ್ತಿದ್ದಾರೆ ಅನಿಸುತ್ತಿತ್ತು. ಜಡ ಎಂದರೆ ಆಲಸಿ, ಮಂದ. ಆದರೆ ನಮ್ಮ ಕಡೆ ಆ ಶಬ್ದಕ್ಕೆ ಇನ್ನೊಂದು ಅರ್ಥವಿದೆ ನೋಡಿ. “ಚೀಲಾ ಭಾಳ ಜಡ ಐತಿ, ಸ್ವಲ್ಪ ಹಿಡಿ” ಅನ್ನುತ್ತೇವೆ. ಜಡ ಎಂದರೆ ಭಾರ. ಭೌತಶಾಸ್ತ್ರ ಹೇಳುವುದೂ ಇದನ್ನೇ: ವಸ್ತುವಿನಲ್ಲಿ ದ್ರವ್ಯ ಹೆಚ್ಚಿದಷ್ಟೂ ಅದನ್ನು ಓಡಿಸುವುದು ಕಷ್ಟ, ಓಡುತ್ತಿದ್ದರೆ ನಿಲ್ಲಿಸುವುದು ಅಷ್ಟೇ ಕಷ್ಟ. ಬೆಂಗಳೂರಿನವರಿಗೆ ಇದನ್ನು ಎರಡು ಪಾಠ ಮಾಡಿ ಹೇಳಬೇಕಾಗುತ್ತದೆ. ಹುಬ್ಬಳ್ಳಿಯಲ್ಲಿ ಹಮಾಲನಿಗೂ ಗೊತ್ತು, ಒಂದೇ ಶಬ್ದದಲ್ಲಿ.

ಇರಲಿ. ನಾನು 72 ಕೆಜಿ ಜಡ ಇದ್ದೇನೆ. ಬಸ್ಸು ಎರಡು ಸೆಕೆಂಡಿನಲ್ಲಿ ಪೂರ್ತಿ ನಿಂತಿತು. ಬಸ್ಸಿನ ಜೊತೆಗೇ ನಾನೂ ನಿಲ್ಲಬೇಕಾದರೆ ನನ್ನ ಮೇಲೆ ಬೀಳಬೇಕಾದ ಬಲ ನನ್ನ ತೂಕದ ಅರ್ಧದಷ್ಟು, ಅಂದರೆ ಹೆಚ್ಚುಕಡಿಮೆ 36 ಕೆಜಿ ಮೂಟೆ ಎತ್ತಿ ಹಿಡಿದಷ್ಟು. ಒಂದಿಷ್ಟನ್ನು ಚಪ್ಪಲಿ ಮತ್ತು ನೆಲದ ತಿಕ್ಕಾಟ ಕೊಡುತ್ತದೆ, ಉಳಿದದ್ದನ್ನು ರಾಡು ಹಿಡಿದ ಕೈ ಕೊಡಬೇಕು. ನನ್ನ ಒಂದು ಕೈಯಲ್ಲಿ ಮೊಬೈಲಿತ್ತು. ಇನ್ನೊಂದು ಕೈಯ ಎರಡು ಬೆರಳು ರಾಡಿನ ಮೇಲಿದ್ದವು, ಅದೂ ಮರ್ಯಾದೆಗೆ.

ಚಪ್ಪಲಿ ಮಾಡುವ ಉಪಕಾರವೂ ಒಂದು ತರಹದ ದ್ರೋಹವೇ. ನೆಲ ಹಿಡಿಯುವುದು ಪಾದವನ್ನು ಮಾತ್ರ. ದೇಹದ ಭಾರದ ಕೇಂದ್ರ ಇರುವುದು ಸೊಂಟದ ಮಟ್ಟದಲ್ಲಿ, ನೆಲದಿಂದ ಸುಮಾರು ಒಂದು ಮೀಟರ್ ಮೇಲೆ. ಪಾದ ಬಸ್ಸಿನೊಂದಿಗೆ ನಿಂತುಬಿಡುತ್ತದೆ, ಸೊಂಟ ಧಾರವಾಡದ ಕಡೆಗೆ ಹೊರಟೇ ಇರುತ್ತದೆ. ಆದ್ದರಿಂದಲೇ ನಾವು ಜಾರುವುದಿಲ್ಲ, ಕಡಿದ ಗಿಡದಂತೆ ಮುಗ್ಗರಿಸುತ್ತೇವೆ.

ಹಾಗಾದರೆ ಕಂಡಕ್ಟರಣ್ಣ ಯಾಕೆ ಬೀಳಲಿಲ್ಲ? ಒಂದು ಕೈಯಲ್ಲಿ ಟಿಕೆಟ್ ಮಶೀನು, ಇನ್ನೊಂದರಲ್ಲಿ ಚಿಲ್ಲರೆ, ಬೆರಳ ಸಂದಿಯಲ್ಲಿ ಮಡಿಚಿದ ನೋಟು. ಹಿಡಿಯಲು ಮೂರನೆಯ ಕೈಯಿಲ್ಲ. ಮರುದಿನದಿಂದ ಅವನ ಮುಖ ಬಿಟ್ಟು ಕಾಲು ನೋಡತೊಡಗಿದೆ. ಅವನು ನಮ್ಮ ಹಾಗೆ ಪಾದ ಜೋಡಿಸಿ ಜನಗಣಮನಕ್ಕೆ ನಿಂತಂತೆ ನಿಲ್ಲುವುದಿಲ್ಲ. ಒಂದು ಕಾಲು ಮುಂದೆ, ಒಂದು ಹಿಂದೆ, ನಡುವೆ ಎರಡು ಗೇಣು ಅಂತರ, ಮೊಣಕಾಲು ತುಸು ಸಡಿಲ, ಟೊಂಕ ಸೀಟಿನ ಕಂಬಿಗೆ ಆನಿಸಿರುತ್ತಾನೆ. ಬ್ರೇಕು ಬಿದ್ದಾಗ ಭಾರ ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ಹರಿಯುತ್ತದೆ, ಉಳಿದದ್ದನ್ನು ಕಂಬಿ ನೋಡಿಕೊಳ್ಳುತ್ತದೆ. ಪಾದಗಳ ಅಂತರ ಹೆಚ್ಚಿದಷ್ಟೂ, ಸೊಂಟ ಕೆಳಗಿಳಿದಷ್ಟೂ ಮನುಷ್ಯ ಮಗುಚುವುದು ಕಷ್ಟ. ಇದನ್ನು ಅವನಿಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿಲ್ಲವಂತೆ. “ಎರಡ ಸಲ ಬಿದ್ರ ಬರ್ತೈತ್ರೀ” ಎಂದ.

ಅವನೇ ಇನ್ನೊಂದು ಮಾತು ಹೇಳಿದ. “ಸರ, ಶಾಣ್ಯಾ ಮಂದಿ ಬ್ರೇಕ್ ಒತ್ತಿದಾಗ ಬೀಳೂದಿಲ್ರಿ. ಗಾಡಿ ನಿಂತ ಮ್ಯಾಲ ಬೀಳ್ತಾರ. ಹಿಂದಕ್ಕ.”

ಇದು ನಿಜ. ನಿಮಗೂ ಆಗಿರುತ್ತದೆ. ಬಸ್ಸು ನಿಂತ ಆ ಕ್ಷಣಕ್ಕೆ ಯಾರೋ ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದಂತೆ ಆಗುತ್ತದೆ. ನಾನೂ ಬಸ್ಸೇ ಹಿಂದೆ ಜಗ್ಗುತ್ತದೆ ಎಂದುಕೊಂಡಿದ್ದೆ. ಸತ್ಯ ಹೇಳಿದ್ದು ಬದ್ನಿಕಾಯಿ. ಸಂತೆ ಮುಗಿಸಿ ಬಂದ ಅಕ್ಕನೊಬ್ಬಳ ಬುಟ್ಟಿ ಬ್ರೇಕಿಗೆ ಅಡ್ಡಬಿದ್ದು, ಏಳೆಂಟು ಬದ್ನಿಕಾಯಿ ಇಂಜಿನ್ ಬಾನೆಟ್ಟಿನ ಕಡೆಗೆ ಉರುಳಿದ್ದವು. ಬಸ್ಸು ನಿಂತಾಗ ನಾವೆಲ್ಲ ಹಿಂದಕ್ಕೆ ಜೋಲಿ ಹೊಡೆದೆವು. ಬದ್ನಿಕಾಯಿಗಳು ಮಾತ್ರ ಹಿಂದೆ ಬರಲಿಲ್ಲ, ತಮ್ಮ ಪಾಡಿಗೆ ಮುಂದೆಯೇ ಉರುಳುತ್ತಿದ್ದವು. ಬಸ್ಸು ಜಗ್ಗಿದ್ದರೆ ಅವನ್ನೂ ಜಗ್ಗಬೇಕಿತ್ತಲ್ಲ? ಜಗ್ಗಿಕೊಂಡವರು ನಾವೇ. ಬೀಳಬಾರದೆಂದು ಕೈ, ಬೆನ್ನು, ಮೀನಖಂಡ ಎಲ್ಲವನ್ನೂ ಬಿಗಿ ಮಾಡಿ ದೇಹವನ್ನು ಹಿಂದಕ್ಕೆ ಒತ್ತಿ ಹಿಡಿದಿರುತ್ತೇವೆ. ಬಸ್ಸು ನಿಂತೊಡನೆ ವೇಗ ಕಡಿಮೆಯಾಗುವುದು ಗಪ್ಪನೆ ಮುಗಿಯುತ್ತದೆ, ನಮ್ಮ ಬಿಗಿ ಮಾತ್ರ ಹಾಗೇ ಉಳಿದಿರುತ್ತದೆ. ಎದುರಿಗೆ ಜಗ್ಗುವವನು ಹಗ್ಗ ಬಿಟ್ಟಾಗ ಆಗುವುದೇ ಇಲ್ಲೂ ಆಗುವುದು. ಅನುಭವಸ್ಥ ಡ್ರೈವರ್ ಇದ್ದರೆ ಗಾಡಿ ನಿಲ್ಲುವ ತುಸು ಮೊದಲು ಪೆಡಲನ್ನು ಒಂಚೂರು ಸಡಿಲಿಸುತ್ತಾನೆ. ಆಗ ಬಸ್ಸು ಬೆಣ್ಣೆಯ ಮೇಲೆ ಕೂತಂತೆ ನಿಲ್ಲುತ್ತದೆ. ಅಂಥವರಿದ್ದಾರೆ, ನಮ್ಮಲ್ಲೇ ಇದ್ದಾರೆ.

ಬದ್ನಿಕಾಯಿಯ ಜೊತೆ ಪುಗ್ಗೆಯ ಕತೆಯನ್ನೂ ಹೇಳಲೇಬೇಕು. ಮುಂದಿನ ಸೀಟಿನಲ್ಲಿ ಒಂದು ಕೂಸು ಗ್ಯಾಸ್ ತುಂಬಿದ ಪುಗ್ಗೆಯ ದಾರ ಹಿಡಿದು ಕೂತಿತ್ತು. ಧೂಳಿಗೆ ಅಂಜಿ ಎಲ್ಲರೂ ಕಿಟಕಿ ಮುಚ್ಚಿದ್ದರು. ಹುಬ್ಬಳ್ಳಿ ಧೂಳಿನ ಬಗ್ಗೆ ಬೇರೆ ಅಂಕಣ ಬರೆಯುತ್ತೇನೆ. ಬ್ರೇಕು ಬಿದ್ದಾಗ ಜನ, ಚೀಲ, ಬುಟ್ಟಿ, ನನ್ನ ಕನ್ನಡಕ ಎಲ್ಲ ಮುಂದೆ ಹಾರಿದರೆ ಆ ಪುಗ್ಗೆ ಒಂದೇ ಹಿಂದಕ್ಕೆ ವಾಲಿತು. ಕೂಸು ಚಪ್ಪಾಳೆ ತಟ್ಟಿತು. ನ್ಯೂಟನ್ ಸೋತ ಅಂದುಕೊಳ್ಳಬೇಡಿ. ಗಾಳಿಗೂ ಜಡ ಇದೆ. ಮುಚ್ಚಿದ ಬಸ್ಸಿನ ಗಾಳಿಯೂ ನಮ್ಮಂತೆ ಮುಂದಕ್ಕೆ ನುಗ್ಗುತ್ತದೆ, ಅದಕ್ಕಿಂತ ಹಗುರಾದ ಪುಗ್ಗೆಗೆ ಮುಂದೆ ಜಾಗ ಸಿಗದೆ ಹಿಂದಕ್ಕೆ ಸರಿಯುತ್ತದೆ. ಭಾರದವರು ಮುಂದೆ ನುಗ್ಗಿದಾಗ ಹಗುರಿದ್ದವರಿಗೆ ಹಿಂದೆಯೇ ಜಾಗ. ಟಿಕೆಟ್ ಹಂಚುವಾಗಲೂ ಹೀಗೇ, ಬಸ್ಸಿನ ಟಿಕೆಟ್ ಅಲ್ಲ.

2023ರಲ್ಲಿ ಸರ್ಕಾರ ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ‘ಶಕ್ತಿ’ ಕೊಟ್ಟಿತು. ಬಲ ಮಾತ್ರ ಎಲ್ಲರಿಗೂ ಸಮಾನವಾಗಿ, ಗಂಡು ಹೆಣ್ಣೆಂಬ ಭೇದವಿಲ್ಲದೆ, ಹಂಪಿನ ಹತ್ತಿರ ಕೊಡುತ್ತಿದ್ದಾರೆ. ಪ್ರಯೋಗಾಲಯ ಕಟ್ಟುವ ಖರ್ಚಿಲ್ಲ. ಒಂದು ಗಾಡಿ ಡಾಂಬರು ಸಾಕು, ಇಡೀ ಊರಿಗೆ ವಿಜ್ಞಾನ.

ರೋಡ್ ಹಂಪಿಗೆ ಒಂದು ಅಳತೆ ಇದೆ ಎಂದರೆ ನಗುತ್ತೀರಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ಮೇಲ್ಮೈ ನುಣ್ಣಗೆ ಕಮಾನಿನ ಹಾಗೆ. ಗಂಟೆಗೆ 25 ಕಿಲೋಮೀಟರಿನಲ್ಲಿ ಹೊಟ್ಟೆ ಕುಲುಕದಂತೆ ದಾಟಬಹುದು. ನಮ್ಮದು ಎರಡು ಮೊಳ ಅಗಲ, ಎತ್ತರ ಅದಕ್ಕೆ ಪೈಪೋಟಿ ಕೊಡುವಷ್ಟು. ಅದನ್ನು ದಾಟಲು ಬಸ್ಸು ಪೂರ್ತಿ ನಿಂತು, ಒಂದೊಂದೇ ಗಾಲಿಯನ್ನು ಕೈಹಿಡಿದು ಇಳಿಸಬೇಕು.

ಇನ್ನು ಬಣ್ಣ. ಸೆಕೆಂಡಿಗೆ 10 ಮೀಟರ್ ಓಡುವ ಬಸ್ಸನ್ನು ಎಂಟು ಸೆಕೆಂಡಿನಲ್ಲಿ ನಿಲ್ಲಿಸಿದರೆ ನನ್ನ ಮೇಲೆ ಬೀಳುವ ಮೂಟೆ 36 ಕೆಜಿ ಅಲ್ಲ, 9 ಕೆಜಿ. ಅದನ್ನು ಎರಡು ಬೆರಳಲ್ಲೇ ಹೇಗೋ ಸಂಭಾಳಿಸಬಹುದು. ಆದರೆ ಹಾಗೆ ನಿಲ್ಲಲು ಬಸ್ಸಿಗೆ 40 ಮೀಟರ್ ಬೇಕು, ಡ್ರೈವರನ ಕಾಲು ಪೆಡಲಿಗೆ ಹೋಗುವಷ್ಟರಲ್ಲಿ ಇನ್ನೊಂದು 10 ಮೀಟರ್ ಹೋಗಿರುತ್ತದೆ. ಅಂದರೆ ಹಂಪು ಅವನಿಗೆ 50 ಮೀಟರ್ ದೂರದಿಂದ ಕಾಣಬೇಕು. ಬಣ್ಣವಿಲ್ಲದ ಹಂಪು ಸಂಜೆ ಹೊತ್ತು ಕಾಣುವುದು 20 ಮೀಟರಿಗೆ ಬಂದಾಗ. ಒಂದು ಡಬ್ಬಿ ಬಿಳಿ ಬಣ್ಣ ನನ್ನ ಮೇಲಿಂದ 27 ಕೆಜಿ ಇಳಿಸುತ್ತಿತ್ತು.

ನಗೆ ಮಾಡುತ್ತಾ ಇಲ್ಲಿವರೆಗೆ ಬಂದೆ. ಆ ದಿನ ಬಾಗಿಲ ಹತ್ತಿರ ನಿಂತಿದ್ದ ಅಜ್ಜಿಗೆ ಮೇಲಿನ ರಾಡು ಎಟುಕುತ್ತಿರಲಿಲ್ಲ. ರಾಡಿಗೆ ಹಿಡಿಕೆ ಪಟ್ಟಿ ಇದ್ದವು ಒಂದು ಕಾಲಕ್ಕೆ, ಈಗ ಗುರುತು ಮಾತ್ರ ಇದೆ. ಆಕೆ ಮೊಮ್ಮಗಳ ಪಾಟೀಚೀಲ ಹಿಡಿದು ನಿಂತಿದ್ದಳು. ಬೀಳುವಾಗ ಕೈ ಊರಿದಳು, ಮಣಿಕಟ್ಟು ಮುರಿಯಿತು. ಆಕೆಗೆ ಯಾವ ನಿಯಮವೂ ಬೇಕಿರಲಿಲ್ಲ. ಕೂತುಕೊಳ್ಳಲು ಒಂದು ಸೀಟು ಬೇಕಿತ್ತು, ಇಲ್ಲವೇ ಹಿಡಿಯಲು ಒಂದು ಪಟ್ಟಿ. ಹಂಪು ಯಾರು ಹಾಕಿದ್ದು ಎಂದು ಕೇಳಲು ಮೂರು ಕಚೇರಿ ತಿರುಗಿದೆ. ಮೊದಲನೆಯದರಲ್ಲಿ ಎರಡನೆಯವರು ಎಂದರು, ಎರಡನೆಯದರಲ್ಲಿ ಮೂರನೆಯವರು ಎಂದರು. ಮೂರನೆಯದರಲ್ಲಿ ಕಂಪ್ಯೂಟರ್ ನೋಡಿ, ಅಲ್ಲಿ ಹಂಪೇ ಇಲ್ಲ ಎಂದರು. ಸಾಕಾಯಿತು ಮಾರಾಯರೇ. ಜಗಳಾಡುವ ತ್ರಾಣವೂ ಉಳಿದಿಲ್ಲ.

ಹೋದ ವಾರ ಯಾರೋ ದೊಡ್ಡವರು ಆ ದಾರಿಯಲ್ಲಿ ಬರುವವರಿದ್ದರು. ರಾತ್ರೋರಾತ್ರಿ ಹಂಪು ಮಾಯವಾಯಿತು, ರಸ್ತೆ ಕನ್ನಡಿಯಾಯಿತು. ಮರುದಿನ ನಾನು ಧೈರ್ಯದಿಂದ ರಾಡು ಬಿಟ್ಟು, ಎರಡೂ ಕೈಯಲ್ಲಿ ಮೊಬೈಲ್ ಹಿಡಿದೆ. ಅದೇ ಜಾಗ ಬಂತು. ಡ್ರೈವರ್ ಸಾಹೇಬರು ಗಕ್ಕನೆ ಬ್ರೇಕ್ ಒತ್ತಿದರು.

ಕಾಕಾನ ಬೆನ್ನಿನಿಂದ ಎದ್ದು, “ಹಂಪ್ ತಗದಾರಲ್ರೀ!” ಎಂದು ಕೂಗಿದೆ.

ಕಂಡಕ್ಟರಣ್ಣ ಕಾಲು ಮುಂದೆ-ಹಿಂದೆ ಇಟ್ಟುಕೊಂಡೇ ಚಿಲ್ಲರೆ ಎಣಿಸುತ್ತಿದ್ದ. “ತಗದಾರ ಖರೆ ಸರ. ಅದು ಅವರ ಕಾಲಿಗೆ ಇನ್ನೂ ಗೊತ್ತಾಗಿಲ್ರಿ.”