ಹಳೇ ಗ್ರಾಹಕ ಅಂದ್ರೆ ಬ್ಯಾಂಕಿಗೆ ಇಷ್ಟು ಸಸಾರನಾ?

ಹೊಸದಾಗಿ ಗೃಹಸಾಲ ಕೇಳಿಕೊಂಡು ಬಂದವರಿಗೆ ಬಡ್ಡಿ ಶೇ 7.50. ಎಂಟು ವರ್ಷದಿಂದ ಒಂದು ಕಂತೂ ತಪ್ಪದೆ ಕಟ್ಟಿಕೊಂಡು ಬಂದ ನನಗೆ ಶೇ 9. ಅದೇ ಬ್ಯಾಂಕು, ಅದೇ ಶಾಖೆ. ಇದು ಯಾವ ನ್ಯಾಯ ಅಂತ ಕೇಳಿದರೆ ಉತ್ತರ ಕೊಡುವವರೇ ಇಲ್ಲ.

ನನ್ನ ಸಾಲ 2018ರದ್ದು. 28 ಲಕ್ಷ, 20 ವರ್ಷದ ಅವಧಿ. ಆಗ ಬ್ಯಾಂಕುಗಳು ಗೃಹಸಾಲ ಕೊಡುತ್ತಿದ್ದದ್ದು ಎಂಸಿಎಲ್‌ಆರ್ ಲೆಕ್ಕದಲ್ಲಿ. ಅಂದರೆ ಬ್ಯಾಂಕು ತನಗೆ ಬೀಳುವ ಖರ್ಚನ್ನು ತಾನೇ ಲೆಕ್ಕ ಹಾಕಿ, ತಾನೇ ನಿಗದಿ ಮಾಡುವ ದರ. 2019ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕು ಇದನ್ನು ಬದಲಾಯಿಸಿತು. ಬಡ್ಡಿ ಏರಿಳಿಯುವ ಹೊಸ ಫ್ಲೋಟಿಂಗ್ ಗೃಹಸಾಲಗಳನ್ನೆಲ್ಲ, ತಾನು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರದಂಥ ಹೊರಗಿನ ಮಾನದಂಡಕ್ಕೇ ಕಟ್ಟಬೇಕು, ಕನಿಷ್ಠ ಮೂರು ತಿಂಗಳಿಗೊಮ್ಮೆ ದರ ಪರಿಷ್ಕರಿಸಬೇಕು ಅಂತ ಹೇಳಿತು. ಹಳೇ ಸಾಲಗಾರರು ಮಾತ್ರ ಇದ್ದಲ್ಲೇ ಉಳಿದರು. ತಾವಾಗಿ ಹೋಗಿ ಕೇಳಿದರಷ್ಟೇ ಬದಲಾವಣೆ.

ಇದರಿಂದ ಏನಾಯ್ತು ನೋಡಿ. 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರೆಪೊ 6.50ರಿಂದ 5.25ಕ್ಕೆ ಇಳಿಯಿತು. ಒಂದೂಕಾಲು ಪರ್ಸೆಂಟ್! ನನ್ನ ಸಾಲಕ್ಕೆ ಬಂದು ಮುಟ್ಟಿದ್ದು ಬರೀ ಕಾಲು ಪರ್ಸೆಂಟ್. ನನ್ನ ಎಂಸಿಎಲ್‌ಆರ್ ವರ್ಷಕ್ಕೊಮ್ಮೆ ಬದಲಾಗುವಂಥದ್ದು. ಹಾಗಾಗಿ ಆ ಕಾಲು ಪರ್ಸೆಂಟಿಗೂ ನನ್ನ ರೀಸೆಟ್ ತಾರೀಖು ಬರುವವರೆಗೆ ಕಾಯಬೇಕಾಯಿತು. 2022ರಲ್ಲಿ ದರ ಏರುವಾಗ ಮಾತ್ರ ಏರಿಕೆ ಬಿಡದೆ ಬಂತು. ಅವಧಿ ಉದ್ದವಾಯಿತು ಅನ್ನೋ ಮೆಸೇಜ್ ಮೊಬೈಲಿಗೆ ತಾನಾಗಿಯೇ ಬಂದು ಬಿತ್ತು. ಇಳಿಯುವಾಗ ಯಾಕೆ ಹಾಗೆ ಬರುವುದಿಲ್ಲ?

ಸರಿ, ಕೇಳೋಣ ಅಂತ ಅರ್ಜಿ ಬರೆದೆ. ಸಾಲದ ಖಾತೆ ಸಂಖ್ಯೆ, ಈಗಿನ ದರ, ರೆಪೊಗೆ ಬದಲಾಯಿಸಿ ಅನ್ನೋ ಕೋರಿಕೆ. ಜೊತೆಗೆ ಶುರುವಿನಿಂದ ಇಲ್ಲಿವರೆಗಿನ ಸಾಲದ ಸ್ಟೇಟ್‌ಮೆಂಟು. ಅದರಲ್ಲಿ ಒಂದು ಬೌನ್ಸ್ ಇಲ್ಲ, ಒಂದು ದಂಡದ ಬಡ್ಡಿ ಇಲ್ಲ. 2020ರಲ್ಲಿ ಕೊರೊನಾ ಟೈಮಲ್ಲಿ ಕಂತು ಮುಂದೂಡುವ ಅವಕಾಶ ಕೊಟ್ಟಾಗಲೂ ನಾನು ತಗೊಳ್ಳಲಿಲ್ಲ. ಸಂಬಳ ಕಟ್ಟಾಗಿತ್ತು. ಆದರೂ ಕಟ್ಟಿದೆ. ಸಿಬಿಲ್ ಸ್ಕೋರ್ 800ರ ಮೇಲಿದೆ.

ಸಾಲದ ವಿಭಾಗದಲ್ಲಿದ್ದ ಮೇಡಂ ಸ್ಟೇಟ್‌ಮೆಂಟನ್ನು ತಿರುವಿಯೂ ನೋಡಲಿಲ್ಲ. "ಆ ದರ ನ್ಯೂ ಕಸ್ಟಮರ್ಸ್‌ಗೆ ಸರ್. ನಿಮ್ಮದು ಹಳೇ ಅಗ್ರಿಮೆಂಟ್" ಅಂದರು. ರಿಸರ್ವ್ ಬ್ಯಾಂಕಿನ ಸುತ್ತೋಲೆಯ ಪ್ರಿಂಟ್ ಮುಂದಿಟ್ಟ ಮೇಲೆ ದನಿ ಸ್ವಲ್ಪ ಬದಲಾಯಿತು. ಆಗಬಹುದು, ಆದರೆ ಕನ್ವರ್ಷನ್ ಫೀ ಇದೆ ಅಂದರು. ಬಾಕಿ ಅಸಲಿನ ಶೇ 0.25, ಮೇಲೆ ಜಿಎಸ್‌ಟಿ. ನನ್ನ ಬಾಕಿ 22 ಲಕ್ಷ. ಅಂದರೆ 5,500 ಮತ್ತು ತೆರಿಗೆ 990. ಅವಧಿಗೆ ಮೊದಲೇ ಶುಲ್ಕವಿಲ್ಲದೆ ಸಾಲ ತೀರಿಸುವ ಹಕ್ಕಿರುವವರಿಗೆ ಈ ಬದಲಾವಣೆಯನ್ನೂ ಶುಲ್ಕವಿಲ್ಲದೆ ಮಾಡಿಕೊಡಬೇಕು, ನ್ಯಾಯವಾದ ಆಡಳಿತ ಮತ್ತು ಕಾನೂನು ಖರ್ಚು ಮಾತ್ರ ತಗೋಬಹುದು ಅಂತ ಆ ಸುತ್ತೋಲೆಯಲ್ಲೇ ಇದೆ. ಫ್ಲೋಟಿಂಗ್ ಗೃಹಸಾಲದ ನಮ್ಮಂಥವರಿಗೆ ಆ ಹಕ್ಕು ಇದೆ. ಒಂದು ಫಾರಂಗೆ ಸಹಿ ಹಾಕಿಸಿ ಕಂಪ್ಯೂಟರಿನಲ್ಲಿ ದರ ಬದಲಾಯಿಸಲು ಯಾವ ಖರ್ಚು ರೀ ಬಾಕಿಯ ಮೇಲೆ ಪರ್ಸೆಂಟ್ ಲೆಕ್ಕದಲ್ಲಿ ಬರುತ್ತೆ?

ಹೋಗಲಿ, ಒಂದು ಸಲ ಕೊಟ್ಟು ಮುಗಿಯುವ ಖರ್ಚು ಅಂದುಕೊಂಡೆ. ನಿಜವಾಗಿ ಹೊಟ್ಟೆ ಉರಿದದ್ದು ಅವರು ಕಳಿಸಿದ ಆಫರ್ ಪತ್ರ ನೋಡಿದ ಮೇಲೆ. ಹೊಸ ದರ ಶೇ 8.35! ರೆಪೊ 5.25, ಅದರ ಮೇಲೆ ಬ್ಯಾಂಕು ತನ್ನ ಪಾಲಿಗೆ ಸೇರಿಸಿಕೊಳ್ಳುವ ಸ್ಪ್ರೆಡ್ 3.10. ಹೊಸಬರಿಗೆ ಅದೇ ರೆಪೊ ಮೇಲೆ ಸ್ಪ್ರೆಡ್ 2.25. ಅಂದರೆ ಮಾನದಂಡವನ್ನೇನೋ ಬದಲಾಯಿಸಿದರು, ಆದರೆ ಬರಬೇಕಿದ್ದ ಲಾಭದ ಅರ್ಧಕ್ಕಿಂತ ಜಾಸ್ತಿಯನ್ನು ಸ್ಪ್ರೆಡ್ ಹೆಸರಲ್ಲಿ ತಾವೇ ಇಟ್ಟುಕೊಂಡರು. ಈ 0.85ರ ವ್ಯತ್ಯಾಸವೇ ನನಗೆ ಮೊದಲ ವರ್ಷ 18 ಸಾವಿರದ ಆಸುಪಾಸು. 9ರಿಂದ 8.35ಕ್ಕೆ ಇಳಿಯಿತಲ್ಲ ಅಂತ ಖುಷಿಯಲ್ಲಿ ಸಹಿ ಹಾಕಿ ಬರುವ ಜನ ಎಷ್ಟೋ ಇರಬೇಕು. ದಯವಿಟ್ಟು ಬರೀ ಒಟ್ಟು ದರ ನೋಡಬೇಡಿ. ಸ್ಪ್ರೆಡ್ ಎಷ್ಟು, ಅದೇ ಮೊತ್ತಕ್ಕೆ ಇವತ್ತು ಹೊಸಬರಿಗೆ ಎಷ್ಟು, ಎರಡನ್ನೂ ಬರಹದಲ್ಲಿ ಕೇಳಿ.

ಸ್ಪ್ರೆಡ್ ಯಾಕೆ ಜಾಸ್ತಿ ಅಂತ ಮ್ಯಾನೇಜರನ್ನೇ ಕೇಳಿದೆ. "ನಿಮ್ಮ ರಿಸ್ಕ್ ಕೆಟಗರಿ ಸಿಸ್ಟಮ್ ಫಿಕ್ಸ್ ಮಾಡಿರುತ್ತೆ ಸರ್, ನಮ್ಮ ಕೈಲಿಲ್ಲ." ಎಂಥ ರಿಸ್ಕು? ಸ್ಕೋರ್ ನೋಡಿ ಹೊಸಬರಿಗೆ ಕಡಿಮೆ ಸ್ಪ್ರೆಡ್ ಕೊಡುತ್ತಾರೆ. ಆ ಸ್ಕೋರ್ ಹುಟ್ಟುವುದೇ ನನ್ನಂಥವರು ಕಟ್ಟುವ ಕಂತಿನಿಂದ ಅಲ್ವಾ? ಎಂಟು ವರ್ಷದ ದಾಖಲೆ ಇದೇ ಬ್ಯಾಂಕಿನ ಕಂಪ್ಯೂಟರಿನಲ್ಲೇ ಇದೆ. ಮನೆ ಪತ್ರ ಅವರ ಬಳಿಯೇ ಅಡ ಇದೆ. ಸಾಲ 28ರಿಂದ 22 ಲಕ್ಷಕ್ಕೆ ಇಳಿದಿದೆ. ನನ್ನಿಂದ ಅವರಿಗಿರುವ ಅಪಾಯ ವರ್ಷ ವರ್ಷ ಕಮ್ಮಿಯಾಗಿದೆಯೇ ಹೊರತು ಹೆಚ್ಚಾಗಿಲ್ಲ. ಸುತ್ತೋಲೆಯಲ್ಲಿ ಇನ್ನೊಂದು ಮಾತೂ ಇದೆ: ಹೀಗೆ ಬದಲಾದವರಿಗೆ ಹಾಕುವ ಅಂತಿಮ ದರ, ಅದೇ ಬಗೆಯ, ಅದೇ ಅವಧಿಯ, ಅದೇ ಮೊತ್ತದ ಹೊಸ ಸಾಲದ ದರದಷ್ಟೇ ಇರಬೇಕು. ಸಿಸ್ಟಮ್ ಅಂತ ಬೆರಳು ತೋರಿಸಿದರೆ ಈ ಮಾತು ಅಳಿಸಿ ಹೋಗುತ್ತದಾ?

ಇದೆಲ್ಲ ಚಿಲ್ಲರೆ ಕಾಸಿನ ಜಗಳ ಅಂದುಕೊಳ್ಳಬೇಡಿ. ನನಗೆ ಇನ್ನೂ 12 ವರ್ಷ ಬಾಕಿ ಇದೆ. ಶೇ 9ರಲ್ಲಿ ಕಂತು 25,037 ರೂಪಾಯಿ. ಶೇ 7.50ಕ್ಕೆ ಇಳಿಸಿ, ಕಂತನ್ನು ಇಷ್ಟೇ ಇಟ್ಟುಕೊಂಡರೆ 144 ತಿಂಗಳ ಸಾಲ 128 ತಿಂಗಳಿಗೇ ತೀರುತ್ತದೆ. 16 ಕಂತು, ಹತ್ತಿರ ಹತ್ತಿರ 4 ಲಕ್ಷ ರೂಪಾಯಿ ಉಳಿತಾಯ. ದರ ಹೀಗೇ ಇರುವುದಿಲ್ಲ, ರೆಪೊ ಏರಿದರೆ ನನ್ನದೂ ಮೂರು ತಿಂಗಳೊಳಗೆ ಏರುತ್ತದೆ, ಗೊತ್ತು. ಅದಕ್ಕೆ ನಾನು ತಯಾರಿದ್ದೇನೆ. ಏರುವಾಗ ಎಲ್ಲರ ಜೊತೆ ಏರಲಿ, ಇಳಿಯುವಾಗ ಎಲ್ಲರ ಜೊತೆ ಇಳಿಯಲಿ, ಅಷ್ಟೇ ನಾನು ಕೇಳುತ್ತಿರುವುದು.

ಬೇರೆ ಬ್ಯಾಂಕಿಗೆ ಹೋಗಬಹುದಲ್ಲ ಅಂತೀರಿ. ಹೋಗಬಹುದು. ಆದರೆ ಮತ್ತೆ ಲೀಗಲ್ ಒಪಿನಿಯನ್, ಮನೆಯ ಮೌಲ್ಯಮಾಪನ, ಪ್ರೊಸೆಸಿಂಗ್ ಫೀ, ಪತ್ರ ಅಡವಿಡಲು ಸ್ಟಾಂಪ್ ಡ್ಯೂಟಿ. ಇಷ್ಟು ತಲೆನೋವಿಗೆ ಯಾರೂ ಹೋಗಲ್ಲ ಅನ್ನೋ ಧೈರ್ಯದ ಮೇಲೇ ಇವರ ಆಟ ನಡೆಯುತ್ತಿರುವುದು. ಇದಕ್ಕೆ ಸಾಕ್ಷಿ ಬೇಕಾ? ಇನ್ನೊಂದು ಬ್ಯಾಂಕಿನ ಶೇ 7.60ರ ಸ್ಯಾಂಕ್ಷನ್ ಪತ್ರ ತಂದು, ಸಾಲ ಮುಕ್ತಾಯದ ಮೊತ್ತ ಮತ್ತು ದಾಖಲೆಗಳ ಪಟ್ಟಿ ಕೊಡಿ ಅಂತ ಬರೆದುಕೊಟ್ಟೆ. ಮಾರನೇ ದಿನವೇ ಮ್ಯಾನೇಜರ್ ಫೋನು. "ಸರ್, ಸ್ಪೆಷಲ್ ಅಪ್ರೂವಲ್ ತಗೊಂಡು 7.90 ಮಾಡಿಸ್ತೀನಿ." ಸಿಸ್ಟಮ್ ಫಿಕ್ಸ್ ಮಾಡಿತ್ತಂತಲ್ಲ, ಒಂದೇ ರಾತ್ರಿಯಲ್ಲಿ ಹೇಗೆ ಸಡಿಲ ಆಯ್ತು? ಹಿಂದಿನ ದಿನದವರೆಗೂ ನನ್ನ ಎಂಟು ವರ್ಷದ ನಿಯತ್ತಿಗೆ ಬೆಲೆ ಇರಲಿಲ್ಲ. ಬಿಟ್ಟು ಹೋಗ್ತೀನಿ ಅಂದ ಕೂಡಲೇ ಬೆಲೆ ಬಂತು.

7.90ಕ್ಕೆ ನಾನು ಒಪ್ಪಿಲ್ಲ. ಹೊಸಬರ ದರವೇ ಬೇಕು, ಕೊಡದಿದ್ದರೆ ಕಾರಣವನ್ನು ಬರಹದಲ್ಲಿ ಕೊಡಿ ಅಂತ ದೂರು ಕೊಟ್ಟು, ಪ್ರತಿಯ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಂಡು ಬಂದಿದ್ದೇನೆ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪುವಂತಿಲ್ಲದಿದ್ದರೆ, cms.rbi.org.in ನಲ್ಲಿ ಒಂಬುಡ್ಸ್‌ಮನ್‌ಗೆ ದೂರು ಹೋಗುತ್ತದೆ. ಅಲ್ಲಿಯವರೆಗೆ ಕಂತು ತಪ್ಪದೆ ಕಟ್ಟುತ್ತೇನೆ, ಆ ದಾಖಲೆಯನ್ನು ಹಾಳು ಮಾಡಿಕೊಳ್ಳುವುದಿಲ್ಲ. ಆದರೆ ಈ ಬ್ಯಾಂಕಿಗೆ ಇನ್ನು 12 ವರ್ಷ ಶೇ 9ರಂತೆ ಕಟ್ಟಲು ಮಾತ್ರ ನಾನು ತಯಾರಿಲ್ಲ.