ವ್ಯಾಲಿಡೇಶನ್ ಲಾಸ್ ಏರುತ್ತಿದೆ, ಅಕ್ಯುರಸಿ ಮಾತ್ರ ಅಲ್ಲೇ ನಿಂತಿದೆ: ಈ ಗ್ರಾಫನ್ನು ಓದೋದು ಹೇಗೆ?

ಮೆಷಿನ್ ಲರ್ನಿಂಗ್ ಕಲಿಯುವವರು ಪದೇಪದೇ ಹಂಚಿಕೊಳ್ಳುವ ಒಂದು ಸ್ಕ್ರೀನ್‌ಶಾಟ್ ಇದೆ. ಟ್ರೇನಿಂಗ್ ಲಾಸ್ ಒಂದೇ ಸಮನೆ ಇಳಿಯುತ್ತಿರುತ್ತದೆ. ವ್ಯಾಲಿಡೇಶನ್ ಲಾಸ್ ಮೊದಲ ಕೆಲವು ಎಪಾಕ್ ಇಳಿದು, ಆಮೇಲೆ ತಿರುಗಿ ಏರತೊಡಗಿರುತ್ತದೆ. ವ್ಯಾಲಿಡೇಶನ್ ಅಕ್ಯುರಸಿ ಮಾತ್ರ ಬಿದ್ದಿರುವುದಿಲ್ಲ. ನಿಂತಲ್ಲೇ ನಿಂತಿರುತ್ತದೆ, ಕೆಲವೊಮ್ಮೆ ಸ್ವಲ್ಪ ಮೇಲಕ್ಕೂ ಹೋಗಿರುತ್ತದೆ. "ಇದು ಓವರ್‌ಫಿಟ್ಟಾ?" ಅಂತ ಕೇಳಿದರೆ ಒಬ್ಬರು "ಹೌದು, ಡ್ರಾಪ್‌ಔಟ್ ಹಾಕಿ" ಅಂತಾರೆ. ಇನ್ನೊಬ್ಬರು "ಅಕ್ಯುರಸಿ ಚೆನ್ನಾಗೇ ಇದೆಯಲ್ಲ, ಬಿಡಿ" ಅಂತಾರೆ. ನನ್ನ ಪ್ರಕಾರ ಎರಡೂ ಅವಸರದ ಉತ್ತರ. ಗ್ರಾಫ್ ನೋಡುವ ಮೊದಲು, ಲಾಸ್ ಏನನ್ನು ಅಳೆಯುತ್ತದೆ, ಅಕ್ಯುರಸಿ ಏನನ್ನು ಅಳೆಯುತ್ತದೆ ಅನ್ನುವುದನ್ನು ಬಿಡಿಸಿಕೊಳ್ಳಬೇಕು.

ಯಾರು ಬೇಕಾದರೂ ಲ್ಯಾಪ್‌ಟಾಪಿನಲ್ಲೇ ಓಡಿಸಿ ನೋಡಬಹುದಾದ ಉದಾಹರಣೆ ತಗೊಳ್ಳೋಣ. ಕೆರಾಸ್ ಜೊತೆಗೇ ಬರುವ ಐಎಂಡಿಬಿ ಸಿನಿಮಾ ವಿಮರ್ಶೆಗಳ ಡೇಟಾ. ಟ್ರೇನಿಂಗಿಗೆ 25,000 ವಿಮರ್ಶೆಗಳಿವೆ. ಅದರಲ್ಲಿ 10,000 ತೆಗೆದು ವ್ಯಾಲಿಡೇಶನ್‌ಗೆ ಇಡಿ, ಉಳಿದ 15,000ದಲ್ಲಿ ಕಲಿಸಿ. ಹೆಚ್ಚು ಬಳಕೆಯಲ್ಲಿರುವ 10,000 ಪದಗಳನ್ನಷ್ಟೇ ಇಟ್ಟುಕೊಂಡು, ಪ್ರತಿ ವಿಮರ್ಶೆಯಲ್ಲಿ ಯಾವ ಪದ ಇದೆ, ಯಾವುದು ಇಲ್ಲ ಅನ್ನುವ ಸೊನ್ನೆ-ಒಂದರ ಸಾಲು ಮಾಡಿ. 16 ಯೂನಿಟ್‌ಗಳ ಎರಡು ಲೇಯರ್, ಕೊನೆಗೊಂದು ಸಿಗ್ಮಾಯ್ಡ್, ಬ್ಯಾಚ್ 512, ಒಟ್ಟು 20 ಎಪಾಕ್. ಇಷ್ಟು ಸಣ್ಣ ಮಾಡೆಲ್ಲೂ ಕೊನೆಯ ಹೊತ್ತಿಗೆ ಟ್ರೇನಿಂಗ್ ಡೇಟಾವನ್ನು ಹೆಚ್ಚುಕಮ್ಮಿ ಪೂರ್ತಿ ಉರು ಹೊಡೆದಿರುತ್ತದೆ. ವ್ಯಾಲಿಡೇಶನ್ ಲಾಸ್ ಮೂರು-ನಾಲ್ಕನೇ ಎಪಾಕಿನ ಆಸುಪಾಸು 0.28ರ ಹತ್ತಿರ ತಳ ಮುಟ್ಟಿ, 20ನೇ ಎಪಾಕಿಗೆ 0.6ರ ಮೇಲೆ ಹೋಗುತ್ತದೆ. ಅಕ್ಯುರಸಿ? 88-89ರಿಂದ 86-87ಕ್ಕೆ ಬರುತ್ತದೆ, ಅಷ್ಟೇ.

ಈಗ ಒಂದು ವಿಚಿತ್ರ ಗಮನಿಸಿ. ಏನೂ ಕಲಿಯದೆ ಪ್ರತಿ ವಿಮರ್ಶೆಗೂ 0.5 ಅಂತ ಉತ್ತರ ಕೊಡುವ ಮಾಡೆಲ್ಲಿನ ಲಾಸ್ ಎಷ್ಟು? `ln 2`, ಅಂದರೆ 0.693. 20ನೇ ಎಪಾಕಿನ ನಮ್ಮ ಮಾಡೆಲ್ ನೂರಕ್ಕೆ 87 ಸರಿ ಹೇಳುತ್ತಿದೆ. ಆದರೂ ಲಾಸ್ ಲೆಕ್ಕದಲ್ಲಿ ನಾಣ್ಯ ಚಿಮ್ಮುವವನ ಹತ್ತಿರಕ್ಕೆ ಬಂದಿದೆ! ಇದು ಹೇಗೆ ಸಾಧ್ಯ ಅಂತ ತಿಳಿದರೆ ಸ್ಕ್ರೀನ್‌ಶಾಟಿನ ಮುಕ್ಕಾಲು ಪಾಲು ಅರ್ಥವಾದ ಹಾಗೆ.

ಅಕ್ಯುರಸಿ ನೋಡುವುದು ಒಂದೇ ವಿಷಯ: ಉತ್ತರ 0.5ರ ಯಾವ ಕಡೆ ಬಿತ್ತು? 0.51 ಆದರೂ ಸರಿ, 0.99 ಆದರೂ ಸರಿ. ಲಾಸ್ ಹಾಗಲ್ಲ. ಸರಿಯುತ್ತರಕ್ಕೆ ಮಾಡೆಲ್ ಎಷ್ಟು ಸಂಭವನೀಯತೆ ಕೊಟ್ಟಿತ್ತೋ ಅದರ ಲಾಗರಿದಮ್ ತೆಗೆದು, ಚಿಹ್ನೆ ಬದಲಿಸಿದರೆ ಆ ವಿಮರ್ಶೆಯ ಲಾಸ್. 0.99 ಕೊಟ್ಟಿದ್ದರೆ 0.01. 0.49 ಕೊಟ್ಟು ಸ್ವಲ್ಪದರಲ್ಲಿ ತಪ್ಪಿದ್ದರೆ 0.71. 0.01 ಕೊಟ್ಟು ಜಂಬದಿಂದ ತಪ್ಪಿದ್ದರೆ 4.6, 0.001 ಆದರೆ 6.9. ಸರಿ ಹೇಳಿದ್ದಕ್ಕೆ ಸಿಗುವ ಲಾಭ ಸೊನ್ನೆಯಲ್ಲಿ ನಿಂತುಬಿಡುತ್ತದೆ, ತಪ್ಪಿನ ದಂಡಕ್ಕೆ ಮಾತ್ರ ಮೇಲ್ಮಿತಿಯಿಲ್ಲ.

ಲೆಕ್ಕ ಹಾಕೋಣ. ನಾಲ್ಕನೇ ಎಪಾಕಿನಲ್ಲಿ 88.5% ಸರಿ, ಸರಿಯಾದವಕ್ಕೆ ಸುಮಾರು 0.87ರ ವಿಶ್ವಾಸ ಅಂತ ಇಟ್ಟುಕೊಳ್ಳಿ. ಅವುಗಳ ಪಾಲು 0.885 × 0.14, ಅಂದರೆ 0.12. ತಪ್ಪಾದ 11.5%ರಲ್ಲಿ ಸರಿಯುತ್ತರಕ್ಕೆ 0.27 ಕೊಟ್ಟಿದೆ ಅನ್ನಿ. ಪಾಲು 0.115 × 1.31, ಅಂದರೆ 0.15. ಒಟ್ಟು 0.27. ಈಗ 20ನೇ ಎಪಾಕ್. 87% ಸರಿ, ವಿಶ್ವಾಸ 0.98. ಅವುಗಳ ಪಾಲು ಬರೀ 0.02. ತಪ್ಪಾದ 13%ರಲ್ಲಿ ಸರಿಯುತ್ತರಕ್ಕೆ ಈಗ 0.01 ಮಾತ್ರ. ಪಾಲು 0.13 × 4.6, ಅಂದರೆ 0.60. ಒಟ್ಟು 0.62. ತಪ್ಪುಗಳ ಸಂಖ್ಯೆ ಹೆಚ್ಚಿದ್ದು ಒಂದೂವರೆ ಶೇಕಡ, ಲಾಸ್ ಎರಡು ಪಟ್ಟಿಗಿಂತ ಹೆಚ್ಚಾಯಿತು. ಹಳೆಯ ತಪ್ಪುಗಳೇ ಈಗ ಗಟ್ಟಿ ದನಿಯಲ್ಲಿ ಬರುತ್ತಿವೆ.

ಯಾಕೆ ಹೀಗಾಗುತ್ತದೆ? ಟ್ರೇನಿಂಗ್ ಅಕ್ಯುರಸಿ ನೂರರ ಹತ್ತಿರ ಬಂದ ಮೇಲೂ ಟ್ರೇನಿಂಗ್ ಲಾಸ್ ಸೊನ್ನೆಯಾಗಿರುವುದಿಲ್ಲ, ಹಾಗಾಗಿ ಆಪ್ಟಿಮೈಸರ್ ಸುಮ್ಮನಿರುವುದಿಲ್ಲ. ಅದಕ್ಕೆ ಉಳಿದಿರುವ ಸುಲಭದ ದಾರಿ ವೇಟ್‌ಗಳನ್ನು ದೊಡ್ಡದು ಮಾಡುವುದು. ಸಿಗ್ಮಾಯ್ಡ್‌ಗೆ ಹೋಗುವ ಸಂಖ್ಯೆ 3 ಇದ್ದದ್ದು 6 ಆದರೆ 0.95 ಇದ್ದ ಉತ್ತರ 0.998 ಆಗುತ್ತದೆ. ಟ್ರೇನಿಂಗಿನಲ್ಲಿ ಎಲ್ಲವೂ ಸರಿಯಿರುವುದರಿಂದ ಅಲ್ಲಿ ಇದು ಲಾಭವೇ. ವ್ಯಾಲಿಡೇಶನ್‌ನಲ್ಲಿ ತಪ್ಪಾದವೂ ಅದೇ ಗುಣಾಕಾರಕ್ಕೆ ಸಿಕ್ಕಿ ಇನ್ನಷ್ಟು ತಪ್ಪು ತುದಿಗೆ ಹೋಗುತ್ತವೆ. 2017ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಸಿಫಾರ್-100 ಚಿತ್ರಗಳ ಮೇಲೆ ರೆಸ್‌ನೆಟ್ ಓಡಿಸಿ ಇದನ್ನೇ ತೋರಿಸಿದ್ದರು. ಅಲ್ಲಿ ತಪ್ಪುಗಳ ಪ್ರಮಾಣ ಇಳಿಯುತ್ತಿದ್ದಾಗಲೇ ಲಾಸ್ ಓವರ್‌ಫಿಟ್ ಆಗುತ್ತಿತ್ತು.

ಅಂದರೆ ಕೇಳಬೇಕಾದ ಪ್ರಶ್ನೆ, ಹಾಳಾಗಿರುವುದು ವಿಶ್ವಾಸದ ಅಳತೆ ಮಾತ್ರವೋ, ತೀರ್ಮಾನವೂ ಹಾಳಾಗಿದೆಯೋ ಅನ್ನುವುದು. ಇದನ್ನು ಗ್ರಾಫ್ ನೋಡಿ ಹೇಳಲಾಗದು. ಕೊನೆಯ ಚೆಕ್‌ಪಾಯಿಂಟ್ ಕೈಯಲ್ಲಿದ್ದರೆ ಐದು ಸಾಲು ಸಾಕು:

```python
p = model.predict(x_val).ravel().astype("float64")
p = np.clip(p, 1e-7, 1 - 1e-7)
loss = -(y_val*np.log(p) + (1-y_val)*np.log(1-p))
wrong = (p > 0.5) != (y_val > 0.5)
print(loss.mean(), np.median(loss), loss[wrong].sum()/loss.sum())
```

ಸರಾಸರಿ 0.6 ಇದ್ದು ಮೀಡಿಯನ್ ಸೊನ್ನೆಯ ಹತ್ತಿರ ಬಂದರೆ, ಮೂರನೇ ಸಂಖ್ಯೆ 0.9 ದಾಟಿದರೆ, ಮೇಲಿನ ಕತೆಯೇ ನಡೆದಿದೆ. ಇಷ್ಟಾದ ಮೇಲೆ ಅತಿ ಹೆಚ್ಚು ಲಾಸ್ ಇರುವ ಇಪ್ಪತ್ತು-ಮೂವತ್ತು ವಿಮರ್ಶೆಗಳನ್ನು ಕಣ್ಣಿಂದ ಓದಿ. ತುಂಬ ಜನ ಬಿಟ್ಟುಬಿಡುವ ಹೆಜ್ಜೆ ಇದು. ಈ ಡೇಟಾದಲ್ಲಿ ಲೇಬಲ್ ಬಂದಿರುವುದು ಪ್ರೇಕ್ಷಕರು ಕೊಟ್ಟ ಅಂಕದಿಂದ: ಹತ್ತಕ್ಕೆ 7 ಅಥವಾ ಮೇಲಿದ್ದರೆ ಮೆಚ್ಚುಗೆ, 4 ಅಥವಾ ಕೆಳಗಿದ್ದರೆ ತೆಗಳಿಕೆ. ಹೊಗಳುವ ಮಾತಲ್ಲೇ ಚುಚ್ಚುವ ವ್ಯಂಗ್ಯ, ಪುಟಪೂರ್ತಿ ಬೈದು ಕೊನೆಗೆ 8 ಅಂಕ ಕೊಟ್ಟಂಥ ಬರಹ ಇವೆಲ್ಲ ಮೇಲಕ್ಕೆ ಬರುವ ಸಾಧ್ಯತೆ ಹೆಚ್ಚು. ಪದಗಳ ಪಟ್ಟಿಯನ್ನಷ್ಟೇ ನೋಡುವ ಮಾಡೆಲ್ ಅವುಗಳಲ್ಲಿ ಎಡವುವುದು ಸಹಜ.

ಇನ್ನೊಂದು ಪರೀಕ್ಷೆ ನನಗೆ ತುಂಬ ಇಷ್ಟ. ಸಿಗ್ಮಾಯ್ಡ್‌ಗಿಂತ ಮೊದಲಿನ ಸಂಖ್ಯೆಯನ್ನು `T` ಅನ್ನುವ ಒಂದೇ ಸಂಖ್ಯೆಯಿಂದ ಭಾಗಿಸಿ ಲಾಸ್ ನೋಡುವುದು:

```python
z = np.log(p / (1 - p))
for T in [1, 1.5, 2, 3, 4]:
    q = 1 / (1 + np.exp(-z / T))
    print(T, -(y_val*np.log(q) + (1-y_val)*np.log(1-q)).mean())
```

`T` ಎಷ್ಟೇ ಇರಲಿ, 0.5ರ ಯಾವ ಕಡೆ ಅನ್ನುವುದು ಬದಲಾಗದು, ಹಾಗಾಗಿ ಅಕ್ಯುರಸಿ ಇದ್ದಷ್ಟೇ ಇರುತ್ತದೆ. ಒಳ್ಳೆಯ `T` ಸಿಕ್ಕಿದಾಗ 20ನೇ ಎಪಾಕಿನ ಲಾಸ್ 0.28ರ ಹತ್ತಿರಕ್ಕೆ ವಾಪಸ್ ಬಂದರೆ, ಕೆಟ್ಟಿದ್ದದ್ದು ವಿಶ್ವಾಸದ ಅಳತೆ ಮಾತ್ರ. ಬಹಳಷ್ಟು ಇಳಿದೂ 0.33, 0.35ರಲ್ಲಿ ನಿಂತುಬಿಟ್ಟರೆ, ಯಾವುದು ಹೆಚ್ಚು ಮೆಚ್ಚುಗೆ, ಯಾವುದು ಕಡಿಮೆ ಅನ್ನುವ ವಿವೇಚನೆಯೂ ಸ್ವಲ್ಪ ಕೆಟ್ಟಿದೆ. ಅಕ್ಯುರಸಿ ಒಂದೆರಡು ಶೇಕಡ ಇಳಿದಿರುವ ನಮ್ಮ ಉದಾಹರಣೆಯಲ್ಲಿ ಎರಡೂ ಸ್ವಲ್ಪ ಸ್ವಲ್ಪ ಸೇರಿಕೊಂಡಿರುವುದನ್ನೇ ನಿರೀಕ್ಷಿಸಬೇಕು. ಒಂದು ಎಚ್ಚರಿಕೆ: ವ್ಯಾಲಿಡೇಶನ್‌ನ ಅರ್ಧ ಭಾಗದಲ್ಲಿ `T` ಆರಿಸಿ, ಇನ್ನರ್ಧದಲ್ಲಿ ಅಳೆಯಿರಿ.

ಇನ್ನು ಯಾವ ಎಪಾಕ್ ಇಟ್ಟುಕೊಳ್ಳಬೇಕು? ಮಾಡೆಲ್ ಕೊಡುವ ಸಂಭವನೀಯತೆಯನ್ನೇ ಬಳಸುವ ಕೆಲಸವಾದರೆ, ಉದಾಹರಣೆಗೆ "0.9 ದಾಟಿದರೆ ಮಾತ್ರ ತಾನಾಗಿ ನಿರ್ಧರಿಸು, ಇಲ್ಲದಿದ್ದರೆ ಮನುಷ್ಯರಿಗೆ ಕಳಿಸು" ಅನ್ನುವಂಥದ್ದಾದರೆ, ಲಾಸ್ ತಳ ಮುಟ್ಟಿದ ಎಪಾಕ್ ಬಿಟ್ಟು ಮುಂದೆ ಹೋಗಬೇಡಿ. 20ನೇ ಎಪಾಕಿನ ಮಾಡೆಲ್ ತನ್ನ ತಪ್ಪುಗಳನ್ನೂ 0.99 ಅಂತ ಹೇಳುತ್ತದೆ, ಮನುಷ್ಯರ ಹತ್ತಿರ ಅವು ಬರುವುದೇ ಇಲ್ಲ. ಬೇಕಿರುವುದು ಬರೀ ಲೇಬಲ್ ಆದರೆ ಅಕ್ಯುರಸಿ ನೋಡಿ ಆರಿಸಿದರೂ ನಡೆಯುತ್ತದೆ. ಆದರೆ ಅಲ್ಲಿ ಗದ್ದಲ ಹೆಚ್ಚು. ವ್ಯಾಲಿಡೇಶನ್‌ನಲ್ಲಿ 500 ಉದಾಹರಣೆಗಳಿದ್ದರೆ ಐದು ಉತ್ತರ ಆಚೀಚೆಯಾದರೆ ಒಂದು ಶೇಕಡ ಹೋಯಿತು. 88ರ ಮಟ್ಟದಲ್ಲಿ ಆ ಸಂಖ್ಯೆಯ ಅನಿಶ್ಚಿತತೆ ಹೆಚ್ಚುಕಮ್ಮಿ ಮೂರು ಶೇಕಡ ಆಚೀಚೆ. 10,000 ಇದ್ದರೆ ಅದು 0.65ಕ್ಕೆ ಇಳಿಯುತ್ತದೆ. ಸಣ್ಣ ವ್ಯಾಲಿಡೇಶನ್ ಸೆಟ್ಟಿನ ಅಕ್ಯುರಸಿ ಗೆರೆಯ ಒಂದು ಮೊನಚು ಶಿಖರ ನೋಡಿ "17ನೇ ಎಪಾಕೇ ಬೆಸ್ಟ್" ಅನ್ನುವವರನ್ನು ನಂಬಬೇಡಿ.

ಕೆರಾಸ್‌ನಲ್ಲಿ ಮಾಡುವವರು ಇದನ್ನು ಪೂರ್ತಿ ಬರೆಯಿರಿ:

```python
EarlyStopping(monitor="val_loss", patience=3, restore_best_weights=True)
```

ಕೊನೆಯದನ್ನು ಬರೆಯದಿದ್ದರೆ ಅದು `False`. ಆಗ ಟ್ರೇನಿಂಗ್ ನಿಲ್ಲುತ್ತದೆ ನಿಜ, ಆದರೆ ಕೈಗೆ ಸಿಗುವುದು ತಳ ಮುಟ್ಟಿದ ಮೇಲೆ ಇನ್ನೂ ಮೂರು ಎಪಾಕ್ ಕೆಟ್ಟ ಮಾಡೆಲ್.

ಸ್ಕ್ರೀನ್‌ಶಾಟ್ ಮೇಲೇ ತೀರ್ಪು ಕೊಡುವವರಿಗೆ ಒಂದಿಷ್ಟು. ಲಾಸ್ ಮತ್ತು ಅಕ್ಯುರಸಿ ಒಂದೇ ಚಿತ್ರದಲ್ಲಿದ್ದು ಎಡಬಲಕ್ಕೆ ಬೇರೆ ಬೇರೆ ಅಳತೆ ಇದ್ದರೆ, ಎರಡು ಗೆರೆ ದಾಟುವ ಜಾಗಕ್ಕೆ ಅರ್ಥವೇ ಇಲ್ಲ. ಅಳತೆ ಬದಲಿಸಿದರೆ ಅದೂ ಜಾಗ ಬದಲಿಸುತ್ತದೆ. ಟೆನ್ಸರ್‌ಬೋರ್ಡ್ ಚಿತ್ರವಾದರೆ ಸ್ಮೂದಿಂಗ್ ಎಷ್ಟಿದೆ ನೋಡಿ. ತಾನಾಗಿ 0.6 ಇರುತ್ತದೆ, ಅದರಿಂದ ತಿರುವು ನಿಜಕ್ಕಿಂತ ತಡವಾಗಿ ಕಾಣುತ್ತದೆ. ನಿಜವಾದ ಗೆರೆ ಹಿಂದಿರುವ ಮಸುಕಾದದ್ದು. ಮೊದಲ ಎಪಾಕ್‌ಗಳಲ್ಲಿ ವ್ಯಾಲಿಡೇಶನ್ ಲಾಸ್ ಟ್ರೇನಿಂಗಿಗಿಂತ ಕೆಳಗಿದ್ದರೆ ಗಾಬರಿ ಬೇಡ. ಕೆರಾಸ್ ತೋರಿಸುವ ಟ್ರೇನಿಂಗ್ ಲಾಸ್ ಆ ಎಪಾಕ್ ನಡೆಯುತ್ತಿದ್ದಾಗಿನ ಸರಾಸರಿ, ಡ್ರಾಪ್‌ಔಟ್ ಇದ್ದರೆ ಅದೂ ಸೇರಿ. ವ್ಯಾಲಿಡೇಶನ್ ಅಳೆಯುವುದು ಎಪಾಕ್ ಮುಗಿದ ಮೇಲೆ, ಡ್ರಾಪ್‌ಔಟ್ ಇಲ್ಲದೆ. ಟ್ರೇನಿಂಗ್ ಗೆರೆಗೂ ವ್ಯಾಲಿಡೇಶನ್ ಗೆರೆಗೂ ಅಂತರ ಇದೆ ಅನ್ನುವುದೊಂದೇ ರೋಗಲಕ್ಷಣವೂ ಅಲ್ಲ. ಅಂತರ ಹಿಗ್ಗುತ್ತಿದ್ದರೂ ವ್ಯಾಲಿಡೇಶನ್ ಲಾಸ್ ಇಳಿಯುತ್ತಲೇ ಇದ್ದರೆ ಮುಂದುವರಿಸಿ.

ಮೊದಲ ಎಪಾಕಿನಿಂದಲೇ ವ್ಯಾಲಿಡೇಶನ್ ಲಾಸ್ ಏರುತ್ತಾ, ಅಕ್ಯುರಸಿ 50ಕ್ಕಿಂತ ಕೆಳಗೆ ಅಂಟಿಕೊಂಡಿದ್ದರೆ, ಓವರ್‌ಫಿಟ್ ಅನ್ನುವ ಮೊದಲು ಡೇಟಾ ನೋಡಿ. `validation_split=0.2` ಅಂತ ಬರೆದರೆ ಕೆರಾಸ್ ಕಲೆಸದೆ, ಕೊನೆಯ 20%ವನ್ನು ಇದ್ದ ಹಾಗೇ ತೆಗೆದುಕೊಳ್ಳುತ್ತದೆ. ನಿಮ್ಮ ಫೈಲಿನಲ್ಲಿ ಮೊದಲು ಮೆಚ್ಚುಗೆಗಳು, ಆಮೇಲೆ ತೆಗಳಿಕೆಗಳು ಅಂತ ಜೋಡಿಸಿದ್ದರೆ ವ್ಯಾಲಿಡೇಶನ್ ಪೂರ್ತಿ ತೆಗಳಿಕೆಯೇ ಆಗಿಬಿಡುತ್ತದೆ. ಅದಕ್ಕೆ ಯಾವ ಡ್ರಾಪ್‌ಔಟೂ ಮದ್ದಲ್ಲ, `fit` ಕರೆಯುವ ಮೊದಲೇ ಸಾಲುಗಳನ್ನು ಕಲೆಸಿಕೊಳ್ಳಬೇಕು.