ಸನ್ಮಾನಕ್ಕೊಂದು ತಾಮ್ರದ ಬಾಟಲಿ

ಮಂಗಳೂರಿನಲ್ಲಿ ಈಗ ಸನ್ಮಾನ ಅಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ಕೊನೆಗೊಂದು ತಾಮ್ರದ ಬಾಟಲಿ. ಬಾಟಲಿಯ ಒಂದು ಬದಿಗೆ ಸಂಘದ ಲಾಂಛನ, ಇನ್ನೊಂದು ಬದಿಗೆ ಪ್ರಾಯೋಜಕರ ನಗುಮುಖ. ಅದನ್ನೆತ್ತಿ ಹಿಡಿದು ಅಧ್ಯಕ್ಷರು ನಮ್ಮ ಹಿರಿಯರ ವಿಜ್ಞಾನದ ಬಗ್ಗೆ ಗಂಟಲು ಒಣಗುವವರೆಗೆ ಮಾತಾಡುತ್ತಾರೆ. ಒಣಗಿದ ಮೇಲೆ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ತಿರುಗಿಸಿ ಗಟಗಟ ಕುಡಿದು ಕೂರುತ್ತಾರೆ.

ಅಂಗಡಿಯವರಂತೂ ಇನ್ನೂ ಜಾಣರು. "ಒಳಗೂ ಕೋಟಿಂಗ್ ಉಂಟು ಸಾರ್, ಎಷ್ಟು ವರ್ಷ ಆದ್ರೂ ಕಪ್ಪಾಗುದಿಲ್ಲ" ಅಂತ ಒಬ್ಬರು ನನಗೆ ಹೆಮ್ಮೆಯಿಂದ ಹೇಳಿದರು. ಎಂಥ ಆವಿಷ್ಕಾರ ಮಾರಾಯ್ರೆ! ತಾಮ್ರದ ಗುಣ ಬರಬೇಕಾದರೆ ನೀರು ತಾಮ್ರವನ್ನು ಮುಟ್ಟಬೇಕು. ಇಲ್ಲಿ ಎರಡರ ನಡುವೆ ಮೆರುಗೆಣ್ಣೆಯ ಪರದೆ. ಮನೆಯಲ್ಲಿ ಅಂಥದ್ದಿದ್ದರೆ ಬೆರಳಿಗೆ ಚೂರು ಹುಣಸೆಹುಳಿ ಹಚ್ಚಿ ಬಾಯಿಯ ಒಳಂಚನ್ನು ಉಜ್ಜಿ ನೋಡಿ. ಬಳಸಿ ಕಂದಿದ ಬರೀ ತಾಮ್ರವಾದರೆ ಉಜ್ಜಿದಷ್ಟು ಜಾಗ ಕೂಡಲೇ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ತಿಂಗಳುಗಟ್ಟಲೆ ನೀರು ತುಂಬಿದರೂ ಒಳಗೆ ಹೊಸದರಂತೆ ಫಳಫಳ ಹೊಳೆಯುತ್ತಿದ್ದರೆ, ನೀವು ಕುಡಿಯುತ್ತಿರುವುದು ಎಣ್ಣೆ ಬಳಿದ ಡಬ್ಬಿಯ ನೀರು.

ತಾಮ್ರದಲ್ಲಿ ಸತ್ಯವೇ ಇಲ್ಲ ಅಂತಲ್ಲ. ಬೆಂಗಳೂರಿನ ಸಂಶೋಧಕರು ರೋಗಾಣು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟು ನೋಡಿ, ಕಾಲರಾದ್ದೂ ಸೇರಿ ಬ್ಯಾಕ್ಟೀರಿಯಾ ಬದುಕುಳಿಯಲಿಲ್ಲ ಎಂದು 2012ರಲ್ಲಿ ಪ್ರಕಟಿಸಿದ್ದಾರೆ. ನೀರಿಗೆ ಇಳಿದ ತಾಮ್ರವೂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ, ಅಂದರೆ ಲೀಟರಿಗೆ 2 ಮಿಲಿಗ್ರಾಮಿಗಿಂತ, ಎಷ್ಟೋ ಕಡಿಮೆ ಇತ್ತು. ಆದರೆ 16 ಗಂಟೆ ಅಂದರೆ ಸಂಜೆ ತುಂಬಿಸಿ ಮರುದಿನ ಬೆಳಿಗ್ಗೆ ಕುಡಿಯುವುದು. ಬಸ್ಸಿಗೆ ಓಡುವಾಗ ತುಂಬಿಸಿ, ಹಂಪನಕಟ್ಟೆಯಲ್ಲಿ ಇಳಿಯುವ ಮೊದಲೇ ಖಾಲಿ ಮಾಡಿದರೆ ಸಾಯುವುದು ಬಾಯಾರಿಕೆ ಮಾತ್ರ. ಮತ್ತೆ, ಉಪ್ಪುನೀರನ್ನು ತಾಮ್ರ ಸಿಹಿ ಮಾಡುವುದಿಲ್ಲ. ಬೇಸಗೆಯಲ್ಲಿ ಅಳಿವೆಬಾಗಿಲ ಪಕ್ಕದ ಬಾವಿಗಳವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಈ ಊರಿನ ತಮಾಷೆ ಬೇರೆಯೇ ಉಂಟು. ಮುರಕಲ್ಲಿನ ನೆಲದಲ್ಲಿ ತೋಡಿದ ನಮ್ಮ ಬಾವಿಗಳ ನೀರು ಹಲವೆಡೆ ಸ್ವಲ್ಪ ಆಮ್ಲೀಯ. ಆಮ್ಲವಿದ್ದಷ್ಟೂ ತಾಮ್ರ ಹೆಚ್ಚು ಕರಗುತ್ತದೆ. ಅದು ಸಾಲದು ಅಂತ ನಮ್ಮವರು ಅದೇ ಬಾಟಲಿಗೆ ಪುನರ್ಪುಳಿ ಶರಬತ್ತು ತುಂಬಿಸಿ ಮಗುವಿನ ಚೀಲಕ್ಕೆ ಇಳಿಸುತ್ತಾರೆ. ಮಧ್ಯಾಹ್ನ ನಾಲಗೆಯಲ್ಲಿ ಲೋಹದ ಒಗರು, ಹೊಟ್ಟೆ ತೊಳಸು, ವಾಂತಿ. ಬೈಗುಳ ಮಾತ್ರ ಕ್ಯಾಂಟೀನಿನ ಬನ್ಸಿಗೆ. ಕಲಾಯಿ ಇಲ್ಲದ ತಾಮ್ರಕ್ಕೆ ಹುಳಿ, ಮಜ್ಜಿಗೆ ಹಾಕಿದರೆ ಅಜ್ಜಿ ಸೌಟು ಎತ್ತುತ್ತಿದ್ದರು. ಪೂರ್ವಜರ ವಿಜ್ಞಾನದಲ್ಲಿ ಆ ಸೌಟಿನ ಅಧ್ಯಾಯವನ್ನು ಮಾತ್ರ ಯಾರೂ ಭಾಷಣದಲ್ಲಿ ಸೇರಿಸುವುದಿಲ್ಲ. ಒಳಗೆ ಹಸಿರು ಕಿಲುಬು ಕಂಡರೆ ತಿಕ್ಕಿ ತೊಳೆಯದೆ ನೀರು ಹಾಕಬಾರದು ಎನ್ನುವುದನ್ನೂ ಅಷ್ಟೇ. ಸಪೂರ ಬಾಯಿಯ ಬಾಟಲಿಯೊಳಗೆ ಕೈಯೇ ಹೋಗದಿದ್ದರೆ ತಿಕ್ಕುವುದಾದರೂ ಹೇಗೆ? ಕೊಡಪಾನದ ಬಾಯಿ ಅಗಲ ಇರುತ್ತಿದ್ದದ್ದು ಚಂದಕ್ಕಲ್ಲ.

ಈಗ ಮಣ್ಣಿನ ಮಡಕೆಯೂ ಫ್ಯಾಶನ್ನಿಗೆ ಬಂದಿದೆ. ಹೆದ್ದಾರಿ ಬದಿಯಲ್ಲಿ ನಳ್ಳಿ ಸಿಕ್ಕಿಸಿದ, ನವಿಲು ಬಿಡಿಸಿದ ಮಡಕೆಗಳ ಸಾಲೇ ಉಂಟು. "ಫ್ರಿಜ್ಜೇ ಬೇಡ" ಎನ್ನುತ್ತಾರೆ. ಮಡಕೆ ತಣ್ಣಗಾಗುವುದು ಬೆವರಿನಿಂದ, ಆ ಬೆವರು ಆರಲು ಒಣ ಗಾಳಿ ಬೇಕು. ಕಲಬುರಗಿಯಲ್ಲಿ 40 ಡಿಗ್ರಿ ಬಿಸಿಲು, ಶೇ. 20 ತೇವಾಂಶ ಇದ್ದರೆ ಒಳಗಿನ ನೀರು 22ರ ಹತ್ತಿರಕ್ಕೆ ಇಳಿಯಲು ಅವಕಾಶವಿದೆ. ನಮ್ಮಲ್ಲಿ ಮೇ ತಿಂಗಳ 34 ಡಿಗ್ರಿ, ಶೇ. 70 ತೇವಾಂಶದಲ್ಲಿ ಏನೇ ಮಾಡಿದರೂ 29ಕ್ಕಿಂತ ಕೆಳಗೆ ಹೋಗದು. ಸೆಖೆಗೆ ನಮ್ಮ ಬೆವರೇ ಆರುವುದಿಲ್ಲ, ಮಡಕೆಯದ್ದು ಆರುತ್ತದೆಯೇ? ನವಿಲಿನ ಎಣ್ಣೆಬಣ್ಣ ಇದ್ದಬದ್ದ ರಂಧ್ರವನ್ನೂ ಮುಚ್ಚಿದರೆ ಅಷ್ಟೂ ಇಲ್ಲ.

ಸ್ಟೀಲಿನ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಕರಗುವುದಿಲ್ಲ, ತಣಿಸುವುದಿಲ್ಲ, ತೊಳೆದರೆ ಚೊಕ್ಕವಾಗುತ್ತದೆ, ಮುಚ್ಚಳ ಕೂರುತ್ತದೆ. ಹಾಗಾಗಿಯೇ ಸನ್ಮಾನಕ್ಕೆ ನಾಲಾಯಕ್ಕು.

ತಮಾಷೆ ಸಾಕು. 2019ರಲ್ಲಿ ತುಂಬೆ ಅಣೆಕಟ್ಟಿನ ನೀರು ತಳ ಸೇರಿ ನಗರಕ್ಕೆ ಸರದಿಯಲ್ಲಿ ನೀರು ಬಿಟ್ಟರು. 2023ರಲ್ಲಿ ಮತ್ತೆ ಅದೇ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಹತ್ತಿರ ಮಳೆ ಸುರಿಯುವ ಊರಿದು! ಸಿಕ್ಕ ನೀರನ್ನು ಜನ ತುಂಬಿಡುವುದು ತಾಮ್ರದಲ್ಲೂ ಅಲ್ಲ, ಮಣ್ಣಿನಲ್ಲೂ ಅಲ್ಲ, ಹಿಂದೆ ಏನಿತ್ತೋ ಗೊತ್ತಿಲ್ಲದ ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಡ್ರಮ್ಮಿನಿಂದ ಬಾಟಲಿಗೆ ಸುರಿದು ಆರೋಗ್ಯ ಅನ್ನುವುದಕ್ಕೆ ನನಗಂತೂ ನಾಚಿಕೆಯಾಗುತ್ತದೆ. ಸರದಿಯ ದಿನ ನಳ್ಳಿ ತಿರುಗಿಸಿದರೆ ಮೊದಲು ಬುಸ್ ಬುಸ್ ಎಂದು ಬರುವುದು ಗಾಳಿ. ಆ ಗಾಳಿಗೂ ಮೀಟರು ತಿರುಗುತ್ತದೆ.